ಘಟನೋತ್ತರ ಟಿಪ್ಪಣಿ

ಘಟನೋತ್ತರ ಟಿಪ್ಪಣಿ ಎಂದರೆ ಗಣಕ ಸೇವೆಯೊಂದು ಕೆಟ್ಟು ನಿಂತು ಮತ್ತೆ ಸರಿಹೋದ ಮೇಲೆ ಬರೆಯುವ ವರದಿ. ಏನಾಯಿತು, ಏಕಾಯಿತು, ಇನ್ನೊಮ್ಮೆ ಆಗದಂತೆ ಏನು ಮಾಡಲಾಗುತ್ತಿದೆ ಎಂಬುದನ್ನು ಅದು ಬಳಕೆದಾರರಿಗೂ ಸೇವೆ ನಡೆಸುವ ತಂಡಕ್ಕೂ ತಿಳಿಸುತ್ತದೆ. ಸಾಫ್ಟ್‌ವೇರ್ ಕಚೇರಿಗಳ ಆಡುಮಾತಿನಲ್ಲಿ ಇದಕ್ಕೆ ‘ಪೋಸ್ಟ್‌ಮಾರ್ಟಂ’ ಎಂದೂ ‘ಆರ್‌ಸಿಎ’ ಎಂದೂ ಹೆಸರಿದೆ. ದತ್ತಾಂಶಕ್ಕೆ ಧಕ್ಕೆಯಾದ ಘಟನೆಗಳಲ್ಲಿ ಈ ಟಿಪ್ಪಣಿಯ ಹೊಣೆ ಹೆಚ್ಚು. ನಿಂತ ಸೇವೆ ಮತ್ತೆ ಶುರುವಾಗಬಹುದು, ಆದರೆ ಅಳಿದ ದತ್ತಾಂಶ ತಾನಾಗಿ ಮರಳುವುದಿಲ್ಲ. ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಯಾರಾದರೂ ಲೆಕ್ಕ ಹಾಕಿ ಹೇಳಲೇಬೇಕು.

ಈ ಬಗೆಯ ಟಿಪ್ಪಣಿಗಳಲ್ಲಿ ಗಿಟ್‌ಲ್ಯಾಬ್ ಸಂಸ್ಥೆ 2017ರ ಫೆಬ್ರವರಿ 10ರಂದು ಪ್ರಕಟಿಸಿದ ವರದಿ ಹೆಸರುವಾಸಿ. ಟಿಪ್ಪಣಿಯ ಅಂಗಗಳನ್ನು ಇಲ್ಲಿ ಅದನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸಿದೆ.

ಇಬ್ಬರು ಓದುಗರು

ಟಿಪ್ಪಣಿಯನ್ನು ಕೈಗೆತ್ತಿಕೊಳ್ಳುವ ಬಳಕೆದಾರನಿಗೆ ಬೇಕಾದ ಉತ್ತರ ಒಂದೇ: ನನ್ನದು ಏನಾದರೂ ಹೋಯಿತೇ? ತಂಡಕ್ಕೆ ಬೇಕಾದ ಉತ್ತರ ಬೇರೆ: ಯಾವ ಕೊಂಡಿ ಕಳಚಿತು, ಅದನ್ನು ಯಾರು ಯಾವಾಗ ಬಿಗಿಗೊಳಿಸುತ್ತಾರೆ? ಹಾಗಾಗಿ ಸಾಮಾನ್ಯವಾಗಿ ನಷ್ಟದ ವಿವರ ಮೊದಲು ಬರುತ್ತದೆ. ಆಮೇಲೆ ಗಂಟೆವಾರು ಘಟನಾಕ್ರಮ, ಕಾರಣ, ಸೇವೆಯನ್ನು ಮರಳಿ ತಂದ ಬಗೆ, ಕೊನೆಗೆ ತಡೆ ಕ್ರಮಗಳ ಪಟ್ಟಿ.

ನಷ್ಟವನ್ನು ಹೇಳುವಾಗ ಕಾಲದ ಗಡಿ ಸ್ಪಷ್ಟವಾಗಿರಬೇಕು. ‘ಕೆಲವರಿಗೆ ತೊಂದರೆಯಾಗಿರಬಹುದು’ ಎಂಬ ಮಾತಿನಿಂದ ತನ್ನ ಕೆಲಸ ಉಳಿದಿದೆಯೇ ಎಂದು ಯಾರಿಗೂ ತಿಳಿಯದು. ಗಿಟ್‌ಲ್ಯಾಬ್ ಈ ಗಡಿಯನ್ನು ಗೆರೆ ಎಳೆದಂತೆ ಹೇಳಿತು. ಯುಟಿಸಿ ಸಮಯದಲ್ಲಿ ಜನವರಿ 31ರ 17:20ರಿಂದ ನಡುರಾತ್ರಿಯವರೆಗೆ, ಅಂದರೆ ಭಾರತದ ಗಡಿಯಾರದಲ್ಲಿ ಅಂದು ರಾತ್ರಿ 10:50ರಿಂದ ಮರುದಿನ ಬೆಳಗಿನ 5:30ರವರೆಗೆ, ಡೇಟಾಬೇಸ್‌ಗೆ ಬರೆದದ್ದು ಹೋಗಿದೆ. ಅಂದಾಜು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು ಮತ್ತು 700 ಹೊಸ ಖಾತೆಗಳಿಗೆ ಇದರ ಪೆಟ್ಟು ಬಿದ್ದಿದೆ. ಗಿಟ್ ಭಂಡಾರಗಳಲ್ಲಿದ್ದ ಕೋಡ್ ಮತ್ತು ವಿಕಿ ಪುಟಗಳು ಬೇರೆಡೆ ಇದ್ದುದರಿಂದ ಸುರಕ್ಷಿತವಾಗಿವೆ. ಇಷ್ಟು ಓದಿದವನಿಗೆ ತಾನು ನಿಟ್ಟುಸಿರು ಬಿಡಬೇಕೋ ಕೆಲಸವನ್ನು ಮತ್ತೆ ಮಾಡಬೇಕೋ ಎಂಬುದು ತಿಳಿಯುತ್ತಿತ್ತು.

ಘಟನಾಕ್ರಮ

ಗಿಟ್‌ಲ್ಯಾಬ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎರಡು ಯಂತ್ರಗಳಲ್ಲಿತ್ತು. ಬರವಣಿಗೆಯೆಲ್ಲ ನಡೆಯುವ ಮುಖ್ಯ ಯಂತ್ರ `db1.cluster.gitlab.com`. ಅದನ್ನು ನೋಡಿ ನಕಲಿಸುತ್ತ, ಅದು ಬಿದ್ದರೆ ಜಾಗ ತುಂಬಲು ನಿಂತಿದ್ದ ಯಂತ್ರ `db2.cluster.gitlab.com`. ಯುಟಿಸಿ ಪ್ರಕಾರ ಜನವರಿ 31ರ 17:20ಕ್ಕೆ ಎಂಜಿನಿಯರ್ ಒಬ್ಬರು ಪ್ರಯೋಗವೊಂದಕ್ಕಾಗಿ ಮುಖ್ಯ ಡೇಟಾಬೇಸ್‌ನ ಒಂದು ಪ್ರತಿಯನ್ನು ತೆಗೆದು ಪರೀಕ್ಷಾ ಯಂತ್ರಕ್ಕೆ ಹಾಕಿದರು. ಈ ಪ್ರತಿ ಬ್ಯಾಕಪ್‌ಗಾಗಿ ತೆಗೆದದ್ದಲ್ಲ. ಕೊನೆಗೆ ಸಂಸ್ಥೆಯನ್ನು ಉಳಿಸಿದ್ದು ಮಾತ್ರ ಅದೇ.

ಸಂಜೆ ಏಳರ ಹೊತ್ತಿಗೆ ಡೇಟಾಬೇಸ್ ಮೇಲೆ ಭಾರ ಏರಿತು. ಸ್ಪ್ಯಾಮ್ ಹಾಕುವವರ ಹಾವಳಿ ಒಂದು ಕಾರಣ. ರಾತ್ರಿ ಹನ್ನೊಂದರ ಸುಮಾರಿಗೆ ನಕಲು ಯಂತ್ರ ಹಿಂದೆ ಬಿತ್ತು. ಪೋಸ್ಟ್‌ಗ್ರೆಸ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ದಾಖಲೆ ಕಡತದಲ್ಲಿ ಬರೆದುಕೊಳ್ಳುತ್ತದೆ, ನಕಲು ಯಂತ್ರ ಆ ಕಡತಗಳನ್ನು ಓದಿ ತಾನೂ ಬದಲಾಗುತ್ತದೆ. ಮುಖ್ಯ ಯಂತ್ರ ಹಳೆಯ ಕಡತಗಳನ್ನು ಸ್ವಲ್ಪ ಕಾಲ ಇಟ್ಟುಕೊಂಡು ಅಳಿಸಿಬಿಡುತ್ತದೆ. ಅಂದು `db2` ಓದಿ ಮುಗಿಸುವ ಮೊದಲೇ ಅವು ಅಳಿದಿದ್ದವು, ಬೇರೆಡೆ ಕೂಡಿಟ್ಟ ಪ್ರತಿಯೂ ಇರಲಿಲ್ಲ. `db2`ದ ದತ್ತಾಂಶವನ್ನೆಲ್ಲ ತೆಗೆದು ಬುಡದಿಂದ ನಕಲು ಮಾಡುವುದೊಂದೇ ದಾರಿಯಾಯಿತು.

ಆ ನಕಲಿಗೆ ಬಳಸುವ ಆದೇಶ `pg_basebackup`. ಎಂಜಿನಿಯರ್ ಅದನ್ನು ಕೊಟ್ಟರೆ ಪರದೆಯ ಮೇಲೆ ಒಂದು ಸಾಲೂ ಮೂಡಲಿಲ್ಲ. ಮುಖ್ಯ ಯಂತ್ರ ದತ್ತಾಂಶ ಕಳಿಸಲು ಅಣಿಯಾಗುವವರೆಗೆ ಅದು ಸದ್ದಿಲ್ಲದೆ ಕಾಯುತ್ತದೆ ಎಂಬುದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ, ತಂಡದ ಕೈಪಿಡಿಯಲ್ಲೂ ಇರಲಿಲ್ಲ. ಹಿಂದಿನ ಪ್ರಯತ್ನದ ಕಡತಗಳು ಉಳಿದು ಅಡ್ಡಿಯಾಗುತ್ತಿರಬಹುದೆಂದು ಊಹಿಸಿ, 23:30ರ ಹೊತ್ತಿಗೆ ಎಂಜಿನಿಯರ್ ದತ್ತಾಂಶದ ಫೋಲ್ಡರನ್ನು ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಾವಿರುವುದು `db1`ರಲ್ಲಿ ಎಂದು ಕಂಡು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ದತ್ತಾಂಶ ಹೋಗಿತ್ತು.

ಎರಡು ಯಂತ್ರಗಳ ಹೆಸರಿಗಿದ್ದ ವ್ಯತ್ಯಾಸ ಒಂದು ಅಂಕಿ ಮಾತ್ರ. ತಾನಿರುವ ಯಂತ್ರ ಯಾವುದೆಂದು ತಿಳಿಯಲು ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲಿನ ಪ್ರಶ್ನೆಯಿದೆ:

```
SELECT pg_is_in_recovery();
```

ಮುಖ್ಯ ಯಂತ್ರ ಇದಕ್ಕೆ `f` ಎಂದೂ ನಕಲು ಯಂತ್ರ `t` ಎಂದೂ ಉತ್ತರಿಸುತ್ತದೆ. ದತ್ತಾಂಶ ತೆಗೆದು ಖಾಲಿಯಾದ ಯಂತ್ರ ಉತ್ತರವನ್ನೇ ಕೊಡದು. ಅಳಿಸುವ ಮುನ್ನ `f` ಕಂಡರೆ ಕೈ ಹಿಂದೆ ತೆಗೆಯಬೇಕು.

ಕಾರಣದ ಎರಡು ಎಳೆಗಳು

ಅವಸರದ ಟಿಪ್ಪಣಿ ಇಲ್ಲಿಗೆ ಮುಗಿಯುತ್ತದೆ: ಒಬ್ಬರು ತಪ್ಪು ಯಂತ್ರದಲ್ಲಿ ಅಳಿಸಿದರು, ಅಷ್ಟೆ. ಗಿಟ್‌ಲ್ಯಾಬ್‌ನ ವರದಿ ಎರಡು ಬೇರೆ ಪ್ರಶ್ನೆಗಳನ್ನಿಟ್ಟುಕೊಂಡು, ಬಂದ ಉತ್ತರಕ್ಕೆ ಮತ್ತೆ ‘ಏಕೆ’ ಎಂದು ಕೇಳುತ್ತ ಹೋಯಿತು. ಸೇವೆ ಏಕೆ ಬಿತ್ತು ಎಂಬುದು ಮೊದಲನೆಯದು. ಎಬ್ಬಿಸಲು ಸುಮಾರು 18 ಗಂಟೆ ಏಕೆ ಹಿಡಿಯಿತು ಎಂಬುದು ಎರಡನೆಯದು.

ಮೊದಲ ಎಳೆ ಹಿಡಿದು ಹೋದರೆ ಅಚ್ಚರಿಯ ಜಾಗಕ್ಕೆ ಬರುತ್ತೇವೆ. ಅಳಿಸಬೇಕಾಗಿ ಬಂದದ್ದು ನಕಲು ನಿಂತಿದ್ದರಿಂದ, ನಕಲು ನಿಂತದ್ದು ಭಾರ ಏರಿದ್ದರಿಂದ. ಭಾರಕ್ಕೆ ಸ್ಪ್ಯಾಮ್ ಅಲ್ಲದೆ ಇನ್ನೊಂದು ಕಾರಣವೂ ಇತ್ತು. ಯಾರೋ ಕಿಡಿಗೇಡಿ ಸಂಸ್ಥೆಯ ಉದ್ಯೋಗಿಯೊಬ್ಬರ ಖಾತೆಯ ಮೇಲೆ ದುರ್ಬಳಕೆಯ ದೂರು ಕೊಟ್ಟಿದ್ದ. ದೂರು ನೋಡಿದವರಿಗೆ ಅದು ಯಾರ ಖಾತೆಯೆಂಬುದು ಎದ್ದು ಕಾಣುವಂತಿರಲಿಲ್ಲ. ಹೀಗಾಗಿ ಆ ಖಾತೆಯನ್ನೂ ಅದರ ದತ್ತಾಂಶವನ್ನೂ ಅಳಿಸುವ ಕೆಲಸ ಹಿನ್ನೆಲೆಯಲ್ಲಿ ಓಡುತ್ತಿತ್ತು.

ಎರಡನೆಯ ಎಳೆಯಲ್ಲಿ ಬ್ಯಾಕಪ್‌ಗಳ ಕಥೆಯಿದೆ. ದಿನಕ್ಕೊಮ್ಮೆ `pg_dump` ಓಡಿ ಅದರ ಪ್ರತಿ ಅಮೆಜಾನ್‌ನ ಸಂಗ್ರಹಕ್ಕೆ ಹೋಗಬೇಕಿತ್ತು. ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಇದ್ದದ್ದು 9.6ನೇ ಆವೃತ್ತಿಯಲ್ಲಿ. ಬ್ಯಾಕಪ್ ಓಡುತ್ತಿದ್ದ ಯಂತ್ರದಲ್ಲಿ ಡೇಟಾಬೇಸ್ ಕಡತಗಳೇ ಇರಲಿಲ್ಲವಾದ್ದರಿಂದ ಆವೃತ್ತಿ ಗುರುತಿಸಲಾಗದೆ ತಂತ್ರಾಂಶ 9.2ರ `pg_dump` ಆರಿಸಿಕೊಂಡಿತ್ತು. ತನಗಿಂತ ಹೊಸ ಡೇಟಾಬೇಸನ್ನು `pg_dump` ಮುಟ್ಟುವುದಿಲ್ಲ, ದೋಷ ತೋರಿಸಿ ನಿಲ್ಲುತ್ತದೆ. ಆ ದೋಷದ ಸುದ್ದಿ ಇಮೇಲ್‌ನಲ್ಲಿ ಬರಬೇಕಿತ್ತು. ಕಳಿಸುವವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ಆ ಇಮೇಲ್‌ಗಳು ಸೋತು, ಯಾರಿಗೂ ತಲುಪದೆ ತಿರಸ್ಕೃತವಾಗುತ್ತಿದ್ದವು. ಬ್ಯಾಕಪ್ ಸತ್ತಿತ್ತು, ಸಾವಿನ ಸುದ್ದಿ ತರುವವನೂ ಬಾಗಿಲಲ್ಲೇ ತಡೆಯಲ್ಪಟ್ಟಿದ್ದ.

ಅಜೂರ್‌ನ ಡಿಸ್ಕ್ ಪ್ರತಿಗಳನ್ನು ಡೇಟಾಬೇಸ್ ಯಂತ್ರಗಳಿಗೆ ಚಾಲೂ ಮಾಡಿರಲಿಲ್ಲ. ಉಳಿದ ಬ್ಯಾಕಪ್‌ಗಳೇ ಸಾಕೆಂಬ ನಂಬಿಕೆ ಅದಕ್ಕೆ ಕಾರಣ. ನಕಲು ಯಂತ್ರವನ್ನು ಆಗಲೇ ಬರಿದು ಮಾಡಿದ್ದರಿಂದ ಅದೂ ಕೆಲಸಕ್ಕೆ ಬಾರದು. ಉಳಿದದ್ದು ಸಂಜೆ ಪ್ರಯೋಗಕ್ಕೆ ತೆಗೆದಿದ್ದ ಪ್ರತಿ. ಆ ಪ್ರಯೋಗ ನಡೆಯದಿದ್ದರೆ ಪರೀಕ್ಷಾ ಯಂತ್ರಕ್ಕೆಂದು ದಿನಕ್ಕೊಮ್ಮೆ ತೆಗೆಯುತ್ತಿದ್ದ ಡಿಸ್ಕ್ ಪ್ರತಿಗೇ ಮರಳಬೇಕಾಗಿ ನಷ್ಟ ಇನ್ನಷ್ಟು ಹಿಗ್ಗುತ್ತಿತ್ತು. ಪರೀಕ್ಷಾ ಯಂತ್ರದ ಅಗ್ಗದ, ನಿಧಾನದ ಡಿಸ್ಕಿನಿಂದ ಅದನ್ನು ನಕಲಿಸುವುದರಲ್ಲೇ ಗಂಟೆಗಳು ಕಳೆದವು. ಫೆಬ್ರವರಿ 1ರ ಸಂಜೆ ಆರರ ಸುಮಾರಿಗೆ ಸೇವೆ ಮತ್ತೆ ತೆರೆಯಿತು.

ಈ ಎರಡನೆಯ ಎಳೆಯ ಕೊನೆಯ ಪ್ರಶ್ನೆ: ಬ್ಯಾಕಪ್ ಕೆಲಸ ಮಾಡುತ್ತದೆಯೇ ಎಂದು ಯಾರೂ ಏಕೆ ಪರೀಕ್ಷಿಸಲಿಲ್ಲ? ಉತ್ತರ ಸರಳವಾಗಿತ್ತು. ಅದು ಯಾರ ಹೊಣೆಯೂ ಆಗಿರಲಿಲ್ಲ.

ತಡೆ ಕ್ರಮಗಳು

ತಡೆ ಕ್ರಮ ಎನಿಸಿಕೊಳ್ಳಬೇಕಾದರೆ ಅದು ಕಾರಣದ ಸರಪಳಿಯ ಒಂದು ನಿರ್ದಿಷ್ಟ ಕೊಂಡಿಗೆ ಜೋಡಿಯಾಗಬೇಕು, ಆಯಿತೇ ಇಲ್ಲವೇ ಎಂದು ನೋಡಿ ಹೇಳುವಂತಿರಬೇಕು. ‘ಇನ್ನು ಮುಂದೆ ಎಚ್ಚರ ವಹಿಸುತ್ತೇವೆ’ ಎಂಬುದು ಈ ಅಳತೆಗೆ ನಿಲ್ಲದು, ಏಕೆಂದರೆ ನಡುರಾತ್ರಿಯಲ್ಲಿ ದಣಿದವರ ಎಚ್ಚರವೇ ಅಂದು ಕೈಕೊಟ್ಟದ್ದು.

ಗಿಟ್‌ಲ್ಯಾಬ್‌ನ ಪಟ್ಟಿಯನ್ನು ಹೀಗೆ ಓದಬಹುದು. ಯಂತ್ರಗಳು ಒಂದೇ ರೀತಿ ಕಾಣುತ್ತಿದ್ದುದಕ್ಕೆ ಪ್ರತಿಯಾಗಿ, ಆದೇಶ ಬರೆಯುವ ಸಾಲಿನಲ್ಲೇ ಯಾವ ಯಂತ್ರ, ಯಾವ ಪರಿಸರ ಎಂಬುದು ಎದ್ದು ಕಾಣುವಂತೆ ಬದಲಾಯಿಸುವುದು. ದಿನಕ್ಕೊಮ್ಮೆ ತೆಗೆಯುತ್ತಿದ್ದ ಡಿಸ್ಕ್ ಪ್ರತಿಯನ್ನು ಗಂಟೆಗೊಮ್ಮೆ ತೆಗೆಯುವುದು. ಬದಲಾವಣೆಗಳ ದಾಖಲೆ ಕಡತಗಳನ್ನು ಬೇರೆಡೆ ಕೂಡಿಟ್ಟು, ಬೇಕಾದ ಗಳಿಗೆಗೆ ಡೇಟಾಬೇಸನ್ನು ಮರಳಿಸುವ ವ್ಯವಸ್ಥೆ ಮಾಡುವುದು. ಇಮೇಲನ್ನೇ ನಂಬಿ ಕೂರದೆ ಬ್ಯಾಕಪ್‌ನ ಸ್ಥಿತಿಯನ್ನು ನಿಗಾ ಫಲಕಕ್ಕೆ ತರುವುದು. ಬ್ಯಾಕಪ್‌ನಿಂದ ಡೇಟಾಬೇಸ್ ಎಬ್ಬಿಸಿ ನೋಡುವ ಪರೀಕ್ಷೆ ತಾನಾಗಿ ನಡೆಯುವಂತೆ ಮಾಡುವುದು. ಕೊನೆಯದಾಗಿ, ದತ್ತಾಂಶ ಉಳಿಸುವ ಕೆಲಸಕ್ಕೆ ಒಬ್ಬ ವಾರಸುದಾರನನ್ನು ನೇಮಿಸುವುದು.

ದೋಷಾರೋಪವಿಲ್ಲದ ಬರವಣಿಗೆ

ಘಟನೆಯಲ್ಲಿ ಕೈಯಿದ್ದ ವ್ಯಕ್ತಿಯನ್ನು ದೂರದೆ ಬರೆಯುವ ಪದ್ಧತಿಗೆ ಸಾಫ್ಟ್‌ವೇರ್ ವಲಯದಲ್ಲಿ ಪ್ರಚಾರ ಕೊಟ್ಟದ್ದು ಎಟ್ಸಿ ಸಂಸ್ಥೆಯಲ್ಲಿದ್ದ ಜಾನ್ ಆಲ್‌ಸ್ಪಾ 2012ರಲ್ಲಿ ಬರೆದ ಲೇಖನ. ಶಿಕ್ಷೆಯ ಭಯವಿದ್ದರೆ ಜನ ವಿವರ ಮುಚ್ಚಿಡುತ್ತಾರೆ, ವಿವರವಿಲ್ಲದೆ ಕಾರಣ ಸಿಗದು ಎಂಬುದು ಅದರ ತರ್ಕ. ಗಿಟ್‌ಲ್ಯಾಬ್‌ನ ಘಟನಾಕ್ರಮದಲ್ಲಿ `pg_basebackup` ಮೌನವಾಗಿತ್ತು, ಹಳೆಯ ಕಡತಗಳಿವೆ ಎಂದು ಊಹಿಸಲಾಯಿತು ಎಂಬಂಥ ಮಾತುಗಳಿವೆ. ಆ ಗಳಿಗೆಯಲ್ಲಿ ಎಂಜಿನಿಯರ್‌ಗೆ ಏನು ಅನಿಸಿತ್ತು ಎಂಬುದನ್ನು ಅವರೇ ಮನಬಿಚ್ಚಿ ಹೇಳದಿದ್ದರೆ ಈ ಸಾಲುಗಳು ದಾಖಲಾಗುತ್ತಿರಲಿಲ್ಲ, ಕೈಪಿಡಿಯ ಕೊರತೆ ಬಯಲಿಗೆ ಬರುತ್ತಿರಲಿಲ್ಲ.

ಮಿತಿ

ಟಿಪ್ಪಣಿ ಹೇಳುವ ನಷ್ಟದ ಲೆಕ್ಕ ಅಂದಾಜೇ. ಅಳಿದುಹೋದದ್ದನ್ನು ಎಣಿಸಲು ಅಳಿದ ಡೇಟಾಬೇಸೇ ಬೇಕಾಗುತ್ತದೆ. ಕಾರಣದ ಸರಪಳಿಯೂ ಬರೆಯುವವರು ‘ಏಕೆ’ ಎಂದು ಕೇಳುವುದನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಗೆ ನಿಲ್ಲುತ್ತದೆ. ತಡೆ ಕ್ರಮಗಳು ಬರೆದ ದಿನ ಬರಿಯ ವಾಗ್ದಾನ. ಬ್ಯಾಕಪ್‌ನಿಂದ ಡೇಟಾಬೇಸ್ ಒಮ್ಮೆ ನಿಜವಾಗಿ ಎದ್ದು ನಿಂತ ದಿನವೇ ಆ ವಾಗ್ದಾನ ತೀರಿದಂತೆ.