ಒಂದು–ಒಂದರ ಬೆಲೆ

ದೆಹಲಿಯ ಹಳೆಯ ಪುಸ್ತಕಗಳ ಸಂತೆಯಲ್ಲಿ ಒಂದು ಭಾನುವಾರ ಎಂ. ಜೆ. ಮೊರೋನಿಯವರ ‘ಫ್ಯಾಕ್ಟ್ಸ್ ಫ್ರಮ್ ಫಿಗರ್ಸ್’ ನನ್ನ ಕೈಗೆ ಸಿಕ್ಕಿತು. ಅಂಕಿಸಂಖ್ಯೆಗಳನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಲು ಪೆಂಗ್ವಿನ್ ಸಂಸ್ಥೆ 1951ರಲ್ಲಿ ಹೊರತಂದ ಪುಸ್ತಕವದು. ಇಂಗ್ಲಿಷ್ ಎಂ.ಎ. ಮಾಡಿದ ನಾನು ಅದನ್ನು ಕೊಂಡದ್ದು ಗದ್ಯದ ಸೊಗಸಿಗಾಗಿ. ಆದರೆ ಅದರೊಳಗೆ ಫುಟ್‌ಬಾಲ್ ಗೋಲುಗಳ ಒಂದು ಲೆಕ್ಕವಿತ್ತು. ಅದರ ಬೆನ್ನು ಹತ್ತಿ ಹೋದಾಗ ಪ್ರಶ್ಯದ ಅಶ್ವದಳದಿಂದ ಇಂದಿನ ಬಾಜಿ ಮಾರುಕಟ್ಟೆಯವರೆಗೆ ಸಾಗುವ ಒಂದು ದಾರಿ ಕಾಣಿಸಿತು.

ದಾರಿಯ ಮೊದಲ ತುದಿಯಲ್ಲಿರುವವನು ಫ್ರೆಂಚ್ ಗಣಿತಜ್ಞ ಪ್ವಾಸೋನ್. ನ್ಯಾಯಾಲಯದ ತೀರ್ಪುಗಳ ಸಂಭವನೀಯತೆಯನ್ನು ಕುರಿತು 1837ರಲ್ಲಿ ಬರೆದ ಗ್ರಂಥದಲ್ಲಿ ಅವನು ಒಂದು ಸೂತ್ರವನ್ನು ಕೊಟ್ಟ. ವಿರಳವಾಗಿ ನಡೆಯುವ ಘಟನೆಯೊಂದರ ಸರಾಸರಿ ಗೊತ್ತಿದ್ದರೆ, ಅದು ಒಮ್ಮೆಯೂ ನಡೆಯದಿರುವ, ಒಮ್ಮೆ ಅಥವಾ ಎರಡು ಬಾರಿ ನಡೆಯುವ ಸಂಭವನೀಯತೆಗಳನ್ನೆಲ್ಲ ಆ ಒಂದೇ ಸಂಖ್ಯೆಯಿಂದ ತೆಗೆಯಬಹುದು. 1898ರಲ್ಲಿ ಬೋರ್ಟ್‌ಕಿಯೆವಿಚ್ ಇದನ್ನು ಕುದುರೆಯ ಒದೆತದಿಂದ ಸತ್ತ ಸೈನಿಕರಿಗೆ ಅನ್ವಯಿಸಿದ. ಹತ್ತು ಸೇನಾವಿಭಾಗಗಳ ಇಪ್ಪತ್ತು ವರ್ಷಗಳ ದಾಖಲೆಯಲ್ಲಿ 122 ಸಾವುಗಳಿದ್ದವು. ಅಂದರೆ ವಿಭಾಗವೊಂದಕ್ಕೆ ವರ್ಷಕ್ಕೆ ಸರಾಸರಿ 0.61. ಒಟ್ಟು 200 ದಾಖಲೆಗಳ ಪೈಕಿ ಸುಮಾರು 109ರಲ್ಲಿ ಒಂದು ಸಾವೂ ಇರಬಾರದೆಂದು ಸೂತ್ರ ಹೇಳುತ್ತದೆ. ದಾಖಲೆಯಲ್ಲಿದ್ದುದೂ 109.

ಇಷ್ಟು ಹೊಂದಾಣಿಕೆಗೆ ಒಂದು ಕಾರಣವಿದೆ. ಒಂದು ಲಾಯದ ಕುದುರೆಗೆ ಇನ್ನೊಂದು ಲಾಯದಲ್ಲಿ ಏನಾಯಿತೆಂಬುದು ತಿಳಿಯದು. ಫುಟ್‌ಬಾಲ್ ತಂಡಗಳು ಹಾಗಲ್ಲ. ಎದುರಾಳಿಯ ಪ್ರತಿಯೊಂದು ಗೋಲನ್ನೂ ಅವು ಕಣ್ಣಾರೆ ನೋಡುತ್ತವೆ. ನಾನು ಹೇಳಹೊರಟಿರುವ ತೊಡಕು ಇರುವುದು ಇಲ್ಲಿಯೇ.

ಎಲ್ಲ ಪಂದ್ಯಗಳನ್ನೂ ಒಂದೇ ಸರಾಸರಿಯಡಿ ತಂದರೆ ಲೆಕ್ಕ ಸರಿಹೊಂದದು ಎಂಬುದು ಮೊರೋನಿಯವರಿಗೇ ತಿಳಿದಿತ್ತು. ತಂಡಗಳ ಬಲ ಒಂದೇ ಸಮನಲ್ಲವಷ್ಟೆ. 1982ರಲ್ಲಿ ಮೈಕಲ್ ಮಾಹೆರ್ ಪ್ರತಿಯೊಂದು ತಂಡದ ದಾಳಿಗೊಂದು, ರಕ್ಷಣೆಗೊಂದು ಅಂಕವನ್ನು ಕೊಟ್ಟು, ಪ್ರತಿ ಪಂದ್ಯದಲ್ಲಿ ಪ್ರತಿ ತಂಡಕ್ಕೂ ಅದರದೇ ಸರಾಸರಿಯನ್ನು ಕಟ್ಟುವ ದಾರಿ ತೋರಿಸಿದರು. ಈಚಿನ ದಶಕದಲ್ಲಿ ಈ ಸರಾಸರಿಗೆ ಆಧಾರವಾಗಿ ಬಂದಿರುವುದು ‘ಎಕ್ಸ್‌ಪೆಕ್ಟೆಡ್ ಗೋಲ್ಸ್’, ಅಂದರೆ ನಿರೀಕ್ಷಿತ ಗೋಲು. ಹೊಡೆದ ಪ್ರತಿಯೊಂದು ಶಾಟ್‌ಗೂ ಅದರ ದೂರ, ಕೋನ, ಸಂದರ್ಭಗಳನ್ನು ನೋಡಿ ಸೊನ್ನೆಯಿಂದ ಒಂದರೊಳಗಿನ ಬೆಲೆಯೊಂದನ್ನು ಕೊಡುತ್ತಾರೆ. ಪೆನಾಲ್ಟಿಗೆ ಸುಮಾರು 0.76ರಿಂದ 0.79, ದೂರದ ಹೊಡೆತಕ್ಕೆ ಅದರ ಅಲ್ಪಭಾಗ. ಆದರೆ ಕಳೆದ ಪಂದ್ಯದ ಮೊತ್ತವನ್ನೇ ಮುಂದಿನ ಪಂದ್ಯದ ಸರಾಸರಿ ಎಂದು ತಿಳಿಯುವುದು ಹೊಸಬರ ತಪ್ಪು. ಒಂದೇ ದಾಳಿಯಲ್ಲಿ ಗೋಲ್‌ಕೀಪರ್ ತಡೆದ ಶಾಟ್‌ಗೆ 0.5, ಮರಳಿ ಬಂದ ಚೆಂಡಿನ ಶಾಟ್‌ಗೆ 0.5 ಸೇರಿದರೆ ಮೊತ್ತ 1.0 ಆಗುತ್ತದೆ. ಆ ದಾಳಿಯಲ್ಲಿ ಬರಬಹುದಾದದ್ದು ಒಂದೇ ಗೋಲು, ಅದೂ ಖಚಿತವಲ್ಲ. ಆದ್ದರಿಂದ ಅನೇಕ ಪಂದ್ಯಗಳ ಅಂಕಗಳನ್ನು ಕೂಡಿಸಿ, ಎದುರಾಳಿಯ ಬಲವನ್ನೂ ಸ್ವಂತ ಮೈದಾನದ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮುಂದಿನ ಪಂದ್ಯದ ಸರಾಸರಿಯನ್ನು ಅಂದಾಜಿಸಬೇಕು.

ಹಾಗೆ ಅಂದಾಜಿಸಿದಾಗ ಆತಿಥೇಯ ತಂಡಕ್ಕೆ 1.6, ಅತಿಥಿ ತಂಡಕ್ಕೆ 1.1 ಬಂದಿತೆನ್ನೋಣ. ಆತಿಥೇಯರು ಗೋಲೇ ಹೊಡೆಯದಿರುವ ಸಂಭವನೀಯತೆ e^(-1.6), ಎಂದರೆ 0.202. ಅತಿಥಿಗಳದು e^(-1.1), ಎಂದರೆ 0.333. ಹಾಗಾದರೆ ಕನಿಷ್ಠ ಒಂದು ಗೋಲನ್ನಾದರೂ ಹೊಡೆಯುವ ಸಂಭವನೀಯತೆಗಳು ಕ್ರಮವಾಗಿ 0.798 ಮತ್ತು 0.667. ಇವೆರಡನ್ನು ಗುಣಿಸಿದರೆ 0.532. ‘ಎರಡೂ ತಂಡಗಳು ಗೋಲು ಹೊಡೆಯುತ್ತವೆ’ ಎಂಬ ಬಾಜಿಯ ಸಂಭವನೀಯತೆ ಇದು. ಒಂದನ್ನು ಇದರಿಂದ ಭಾಗಿಸಿದರೆ ನ್ಯಾಯವಾದ ದರ 1.88, ಬುಕ್‌ಮೇಕರ್ ತನ್ನ ಲಾಭವನ್ನು ಕಳೆದು ಇದಕ್ಕಿಂತ ಕಡಿಮೆಯನ್ನೇ ಕೊಡುತ್ತಾನೆ. ನಿಖರ ಸ್ಕೋರಿಗೂ ಇದೇ ಕ್ರಮ. ಎರಡೂ ತಂಡಗಳು ಒಂದೊಂದೇ ಗೋಲು ಹೊಡೆಯುವ ಸಂಭವನೀಯತೆಗಳು 0.323 ಮತ್ತು 0.366. ಗುಣಿಸಿದರೆ 1–1ಕ್ಕೆ 0.118, ದರ 8.45.

ಪಂದ್ಯದ ಒಟ್ಟು ನಿರೀಕ್ಷೆಯಷ್ಟೇ ಇಲ್ಲಿ ಸಾಲದು. ಅದೇ 2.7 ಗೋಲುಗಳು 2.2 ಮತ್ತು 0.5 ಎಂದು ಹಂಚಿಕೆಯಾಗಿದ್ದರೆ ಎರಡೂ ತಂಡಗಳು ಗೋಲು ಹೊಡೆಯುವ ಸಂಭವನೀಯತೆ 0.35ಕ್ಕೆ ಇಳಿಯುತ್ತದೆ.

ಈ ಲೆಕ್ಕದ ಅಡಿಪಾಯ ಗುಣಾಕಾರ. ಒಂದು ತಂಡದ ಗೋಲುಗಳಿಗೂ ಇನ್ನೊಂದರ ಗೋಲುಗಳಿಗೂ ಸಂಬಂಧವಿಲ್ಲ ಎಂದು ಒಪ್ಪಿಕೊಂಡಾಗ ಮಾತ್ರ ಗುಣಿಸಲು ನಮಗೆ ಅಧಿಕಾರವಿದೆ. ನಾವು ಮತ್ತೆ ಕುದುರೆಲಾಯಕ್ಕೇ ಬಂದೆವು! 1997ರಲ್ಲಿ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ ಇಂಗ್ಲೆಂಡಿನ ಪಂದ್ಯಗಳ ಫಲಿತಾಂಶಗಳನ್ನು ಪರಿಶೀಲಿಸಿ, 0–0, 1–0, 0–1, 1–1 ಎಂಬ ನಾಲ್ಕು ಸ್ಕೋರುಗಳಲ್ಲಿ ಈ ಒಪ್ಪಿಗೆ ಮುರಿಯುತ್ತದೆ ಎಂದು ತೋರಿಸಿದರು. ಬಾಜಿ ಮಾರುಕಟ್ಟೆಯ ಲೋಪಗಳನ್ನು ಪ್ರಬಂಧದ ಶೀರ್ಷಿಕೆಯಲ್ಲಿಯೇ ಹೆಸರಿಸಿದ ವಿದ್ವಾಂಸರಿವರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಅವರ ಪರಿಹಾರ ಸರಳವಾದುದು. ನಾಲ್ಕು ಸ್ಕೋರುಗಳನ್ನು ತಿದ್ದಲು ρ ಎಂಬ ಒಂದೇ ಸಂಖ್ಯೆ. ಅದನ್ನು ಹಿಂದಿನ ಫಲಿತಾಂಶಗಳಿಂದ ಅಂದಾಜಿಸಬೇಕು. ಉದಾಹರಣೆಗೆ ಅದನ್ನು -0.1 ಎಂದು ಇಟ್ಟುಕೊಂಡರೆ, ನಮ್ಮ ಪಂದ್ಯದಲ್ಲಿ 0–0 ಸ್ಕೋರು 0.067ರಿಂದ 0.079ಕ್ಕೂ, 1–1 ಸ್ಕೋರು 0.118ರಿಂದ 0.130ಕ್ಕೂ ಏರುತ್ತವೆ. 1–0 ಮತ್ತು 0–1 ಅಷ್ಟಷ್ಟೇ ಇಳಿಯುತ್ತವೆ. ನಾಲ್ಕರಲ್ಲಿಯೂ ಬದಲಾವಣೆ ಒಂದೇ, 0.0118. ಎರಡು ಮನೆಗಳಿಂದ ತೆಗೆದುದನ್ನು ಇನ್ನೆರಡು ಮನೆಗಳಿಗೆ ಹಾಕಿದ್ದಾರೆ, ಅಷ್ಟೆ. ಆದ್ದರಿಂದ ಯಾವ ತಂಡದ ಸ್ವಂತ ಸರಾಸರಿಯೂ ಕದಲುವುದಿಲ್ಲ.

ಇದರ ಪರಿಣಾಮ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಗೋಲಿಲ್ಲದ ಡ್ರಾ ಹೆಚ್ಚಾದರೆ ‘ಎರಡೂ ತಂಡಗಳು ಗೋಲು ಹೊಡೆಯುತ್ತವೆ’ ಎಂಬ ಬಾಜಿ ದುರ್ಬಲವಾಗಬೇಕೆಂದು ನಾನು ತಿಳಿದಿದ್ದೆ. ಆಗುವುದು ಇದಕ್ಕೆ ವಿರುದ್ಧ. ನಾಲ್ಕು ಸ್ಕೋರುಗಳಲ್ಲಿ ಎರಡೂ ತಂಡಗಳು ಗೋಲು ಹೊಡೆದಿರುವುದು 1–1ರಲ್ಲಿ ಮಾತ್ರ, ಅದು ಏರಿದೆ. ಹೀಗಾಗಿ 0.532 ಇದ್ದುದು 0.544 ಆಗಿ, ದರ 1.88ರಿಂದ 1.84ಕ್ಕೆ ಇಳಿಯುತ್ತದೆ. ಇದಕ್ಕೆ ಆಟದಲ್ಲಿಯೇ ಕಾರಣವನ್ನು ಊಹಿಸಬಹುದು. ಒಂದು ಗೋಲಿನಿಂದ ಹಿಂದುಳಿದ ತಂಡ ರಕ್ಷಣೆಯನ್ನು ಬಿಟ್ಟು ಮುಂದೆ ನುಗ್ಗುತ್ತದೆ. ಸಮಬಲದಲ್ಲಿರುವ ತಂಡಗಳು ಕೊನೆಯ ನಿಮಿಷಗಳಲ್ಲಿ ಇರುವುದನ್ನು ಉಳಿಸಿಕೊಂಡರೆ ಸಾಕೆನ್ನುತ್ತವೆ.

ಲೆಕ್ಕ ಎಲ್ಲಿ ತಪ್ಪುತ್ತಿದೆಯೆಂಬುದನ್ನು ಒಂದು ಪಂದ್ಯದಿಂದ ಕಂಡುಹಿಡಿಯಲಾಗದು. ಕೆಲವು ಋತುಗಳ ಪಂದ್ಯಗಳನ್ನು ತೆಗೆದುಕೊಂಡು, ಪ್ರತಿ ಪಂದ್ಯಕ್ಕೂ 1–1ರ ಸಂಭವನೀಯತೆಯನ್ನು ಬರೆದು, ಎಲ್ಲವನ್ನೂ ಕೂಡಿಸಿ, ನಿಜವಾಗಿ ಬಂದ 1–1ಗಳ ಸಂಖ್ಯೆಯೊಡನೆ ಹೋಲಿಸಬೇಕು, 0–0ಗೂ ಹಾಗೆಯೇ. ಇವೆರಡೂ ಮೊತ್ತಕ್ಕಿಂತ ಹೆಚ್ಚಾಗಿ ಬಂದು 1–0, 0–1 ಕಡಿಮೆಯಾಗಿದ್ದರೆ ದೋಷ ಗುಣಾಕಾರದಲ್ಲಿದೆ. ಎಲ್ಲ ಸ್ಕೋರುಗಳೂ ಒಂದೇ ದಿಕ್ಕಿಗೆ, ಕಡಿಮೆ ಗೋಲುಗಳ ಕಡೆಗೋ ಹೆಚ್ಚು ಗೋಲುಗಳ ಕಡೆಗೋ ವಾಲಿದ್ದರೆ ದೋಷ ಸರಾಸರಿಗಳಲ್ಲಿದೆ. ಅದನ್ನು ρ ತಿದ್ದಲಾರದು. 4–3ರಂಥ ಸ್ಕೋರುಗಳನ್ನು ಈ ತಿದ್ದುಪಡಿ ಮುಟ್ಟುವುದೇ ಇಲ್ಲ.

ಬುಕ್‌ಮೇಕರೊಬ್ಬ ನಮ್ಮ ಪಂದ್ಯದ 1–1ಕ್ಕೆ 8 ಎಂಬ ದರವನ್ನು ಕೊಟ್ಟನೆನ್ನೋಣ. ಬರೀ ಗುಣಾಕಾರದ ಲೆಕ್ಕಕ್ಕೆ ನ್ಯಾಯವಾದ ದರ 8.45 ಇದ್ದುದರಿಂದ ಅದು ನಷ್ಟದ ಬಾಜಿ. ρ -0.1 ಆದರೆ ನ್ಯಾಯವಾದ ದರ 7.69, ಹಾಗಾಗಿ ಅದೇ ಬಾಜಿ ಲಾಭದ್ದು. ρ -0.05 ಎಂದು ಅಂದಾಜಿಸಿದರೆ ದರ 8.05ಕ್ಕೆ ಬಂದು, ಬಾಜಿ ಕೂದಲೆಳೆಯಷ್ಟು ನಷ್ಟದ್ದಾಗುತ್ತದೆ.