ಇನ್‌ಕ್ರಿಮೆಂಟೂ ಪ್ರಮೋಷನ್ನೂ

ವರ್ಷವರ್ಷದ ಇನ್‌ಕ್ರಿಮೆಂಟು ಬಂದಾಗ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪ್ರಮೋಷನ್ ಬಂದರೆ ಬೀದಿಗೆಲ್ಲ ಸಿಹಿ ಹಂಚುತ್ತೇವೆ. ಎರಡಕ್ಕೂ ಇಷ್ಟು ಅಂತರವೇಕೆ? ಕೇಂದ್ರ ಸರ್ಕಾರದ ನೌಕರಿಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಹಿಂದೆ ಮೇಲಿನ ಹುದ್ದೆಗೆ ಹೋದವನಿಗೆ, ಹಳೆಯ ಸಂಬಳಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಮೊತ್ತವನ್ನು ಹೊಸ ಶ್ರೇಣಿಯಲ್ಲಿ ಹುಡುಕಿ ಕೊಡುತ್ತಿದ್ದರು. ಆ ಮೆಟ್ಟಿಲು ಹತ್ತಿರದಲ್ಲೇ ಇದ್ದರೆ ಹೊಣೆ ಬೆಟ್ಟದಷ್ಟು, ಲಾಭ ಕೆಲವೇ ರೂಪಾಯಿ. 1961ರಲ್ಲಿ ಬಂದ ನಿಯಮ ಈ ಕೊರತೆಯನ್ನು ತುಂಬಿತು. ಮೊದಲು ಹಳೆಯ ಹುದ್ದೆಯಲ್ಲೇ ಒಂದು ಇನ್‌ಕ್ರಿಮೆಂಟು ಬಂದಂತೆ ಲೆಕ್ಕ ಹಿಡಿಯಬೇಕು. ಆಮೇಲೆ ಹೊಸ ಶ್ರೇಣಿಯಲ್ಲಿ ಅದರ ಮೇಲಿನ ಮೆಟ್ಟಿಲನ್ನು ಕೊಡಬೇಕು. ಹೀಗೆ ಪ್ರಮೋಷನ್ನಿನ ಲಾಭ ಇನ್‌ಕ್ರಿಮೆಂಟಿಗಿಂತ ಕಡಿಮೆಯಾಗದಂತಾಯಿತು.

2016ರಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ ಪಟ್ಟಿಯೂ ಇದೇ ಜಾಡಿನದು. ಚೌಕಾಬಾರದ ಮನೆಗಳಂತೆ ಅದರಲ್ಲಿ ಸಂಬಳದ ಮನೆಗಳಿವೆ. ಕೆಳದರ್ಜೆಯ ಗುಮಾಸ್ತರೊಬ್ಬರು ಎರಡನೆಯ ಹಂತದಲ್ಲಿ 21,700 ರೂಪಾಯಿಯ ಮನೆಯಲ್ಲಿದ್ದಾರೆನ್ನಿ. ಇನ್‌ಕ್ರಿಮೆಂಟು ಬಂದರೆ 22,400; ಹೆಚ್ಚಿದ್ದು 700. ಪ್ರಮೋಷನ್ ಬಂದು ನಾಲ್ಕನೆಯ ಹಂತಕ್ಕೆ ಹೋದರೋ, ಆ 22,400ಕ್ಕೆ ಅಲ್ಲಿ ಮನೆಯೇ ಇಲ್ಲ. ಮೊದಲ ಮನೆಯೇ 25,500. ಒಂದೇ ನೆಗೆತಕ್ಕೆ 3,800 ರೂಪಾಯಿ!

ಆದರೆ ಕಾದು ಕಾದು ಪ್ರಮೋಷನ್ ಪಡೆದವರ ಪಾಡು ಬೇರೆ. ಅವರು ಆಗಲೇ 26,800ಕ್ಕೆ ಬಂದಿದ್ದರೆ, ಇನ್‌ಕ್ರಿಮೆಂಟು ಸೇರಿ 27,600. ನಾಲ್ಕನೆಯ ಹಂತದಲ್ಲಿ ಅದರ ಮೇಲಿನ ಮನೆ 27,900. ಲಾಭ 1,100 ಮಾತ್ರ. ದೊಡ್ಡ ನೆಗೆತ ತರುವುದು ಹೊಸ ಶ್ರೇಣಿಯ ತಳದ ಮೊತ್ತ. ತಾವು ಅದನ್ನು ದಾಟಿದ ಮೇಲೆ ಆ ಲಾಭ ಕರಗುತ್ತದೆ.

ಹೆಸರಿಗೂ ಹಣಕ್ಕೂ ಇರುವ ನಂಟು ಕೂಡ ಹೀಗೆಯೇ ಬದಲಾಗಿದೆ. 2006ರಿಂದ ಅನ್ವಯವಾದ ಆರನೆಯ ಆಯೋಗದ ವ್ಯವಸ್ಥೆ, 5,000, 5,500 ಮತ್ತು 6,500 ರೂಪಾಯಿಗಳಿಂದ ಆರಂಭವಾಗುತ್ತಿದ್ದ ಮೂರು ಶ್ರೇಣಿಗಳಿಗೆ 4,200 ರೂಪಾಯಿಯ ಒಂದೇ ದರ್ಜೆ ವೇತನ ಇಟ್ಟಿತು. ಮೇಲಧಿಕಾರಿಯೂ ಅವರ ಕೈಕೆಳಗಿನವರೂ ಒಂದೇ ದರ್ಜೆಗೆ ಬಂದರೆ ಪ್ರಮೋಷನ್ನಿನಲ್ಲಿ ಉಳಿಯುವುದೇನು? 2009ರ ನವೆಂಬರಿನಲ್ಲಿ 6,500ರ ಶ್ರೇಣಿಯವರ ದರ್ಜೆ ವೇತನವನ್ನು 4,600ಕ್ಕೆ ಏರಿಸಬೇಕಾಯಿತು. ಇದಕ್ಕೆ ತಿರುವುಮುರುವಾಗಿ, 2008ರ ಯೋಜನೆಯಲ್ಲಿ ಪ್ರಮೋಷನ್ ಸಿಗದೆ 10, 20, 30 ವರ್ಷ ದುಡಿದವರಿಗೆ ಹುದ್ದೆಯ ಹೆಸರು ಬದಲಾಗದೆಯೇ ಮೇಲಿನ ದರ್ಜೆ ವೇತನ ದೊರೆಯಿತು.

ಆದ್ದರಿಂದ ಪ್ರಮೋಷನ್ನಿನ ಆದೇಶ ಕೈಗೆ ಬಂದಾಗ ಹುದ್ದೆಯ ಹೆಸರನ್ನಷ್ಟೇ ಓದಿ ಮಡಿಸಿಡಬೇಡಿ. ಹಂತ ಬದಲಾಗಿದೆಯೇ, ಆ ಹಂತದ ಮೊದಲ ಮನೆ ತಮ್ಮ ಈಗಿನ ಸಂಬಳಕ್ಕಿಂತ ಎಷ್ಟು ಮೇಲಿದೆ ಎಂದು ನೋಡಿ. ಸಿಹಿ ಎಷ್ಟು ಹಂಚಬೇಕೆಂಬುದು ಆಗ ತಿಳಿಯುತ್ತದೆ.