ನಿಲ್ಲುವ ಮುನ್ನ ಎಷ್ಟು ಸುತ್ತು?

ಕುಂಬಾರ ತನ್ನ ತಿಗರಿಯನ್ನು ಕೋಲಿನಿಂದ ಜೋರಾಗಿ ತಿರುಗಿಸಿ ಕೋಲು ತೆಗೆದಿಡುತ್ತಾನೆ. ಅಲ್ಲಿಂದಾಚೆ ಚಕ್ರ ತನ್ನ ಭಾರದ ಬಲದಿಂದಲೇ ಸುತ್ತುತ್ತದೆ. ಆ ಸುತ್ತು ಮುಗಿಯುವುದರೊಳಗೆ ಗಡಿಗೆಯ ಬಾಯಿ ತಿದ್ದಿ ಆಗಬೇಕು. ನಾವು ಫ್ಲೈವೀಲ್ ಎನ್ನುವುದು ಇದನ್ನೇ: ತಳ್ಳಿದ ಶಕ್ತಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಭಾರದ ಚಕ್ರ. ಇನ್ನೆಷ್ಟು ಸುತ್ತು ಉಳಿದಿವೆ ಎಂಬುದು ಕುಂಬಾರನ ಕೈಗೆ ಗೊತ್ತು. ಅದನ್ನು ಲೆಕ್ಕದಲ್ಲಿ ಹೇಳುವ ದಾರಿ ಮಾತ್ರ ಬಹಳ ತಡವಾಗಿ ಸಿಕ್ಕಿತು. ಸಿಕ್ಕಿದ್ದು ಕೂಡ ಚಕ್ರ ನೋಡಿದವರಿಂದಲ್ಲ, ಚಲನೆಯ ಬಗ್ಗೆ ತರ್ಕ ಮಾಡುತ್ತ ಕುಳಿತವರಿಂದ.

ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿಲಿಯಂ ಹೇಟ್ಸ್‌ಬರಿ 1335ರಲ್ಲಿ ಒಂದು ನಿಯಮ ಬರೆದ. ವೇಗ ಒಂದೇ ಸಮನೆ ಏರುತ್ತಿರಲಿ, ಇಳಿಯುತ್ತಿರಲಿ, ಕ್ರಮಿಸುವ ದೂರ ಮಾತ್ರ ನಡುವಿನ ವೇಗದಲ್ಲಿ ಅಷ್ಟೇ ಹೊತ್ತು ಚಲಿಸಿದಷ್ಟು. ಕೆಲವು ವರ್ಷಗಳ ನಂತರ ಫ್ರಾನ್ಸಿನ ನಿಕೋಲ್ ಒರೆಮ್ ಇದಕ್ಕೆ ಚಿತ್ರ ಬರೆದ. ಅಡ್ಡಗೆರೆ ಕಾಲ, ನೆಟ್ಟಗಿನ ಗೆರೆ ವೇಗ. ಸಮನಾಗಿ ಇಳಿದು ಸೊನ್ನೆಗೆ ಬರುವ ವೇಗ ಅಲ್ಲಿ ತ್ರಿಕೋನವಾಗುತ್ತದೆ, ಅದರ ಕ್ಷೇತ್ರಫಲವೇ ದೂರ. ತ್ರಿಕೋನದ ಕ್ಷೇತ್ರಫಲದಲ್ಲಿ ಬರುವ ‘ಅರ್ಧ’ವೇ ನಮ್ಮ ಲೆಕ್ಕದ ಜೀವ. ಇಲ್ಲಿಂದ ಮುಂದಿನ ಚರಿತ್ರೆಯನ್ನು ನಾನು ಓದುವುದು ಈ ಅರ್ಧ ಎಲ್ಲಿ ಸರಿ, ಎಲ್ಲಿ ಕೈಕೊಡುತ್ತದೆ ಎಂಬ ಹುಡುಕಾಟವಾಗಿ.

ಅದನ್ನು ನಮ್ಮ ಕಡೆಯ ಒಂದು ಚಕ್ರಕ್ಕೆ ಹಚ್ಚಿ ನೋಡೋಣ. ಕೊಳಗಲ್ಲಿನಂಥ ಊರಿನ ಹಿಟ್ಟಿನ ಗಿರಣಿಯಲ್ಲಿ ನಿಧಾನ ಓಟದ ಹಳೆಯ ಡೀಸೆಲ್ ಎಂಜಿನ್ ಇದೆ ಎಂದುಕೊಳ್ಳಿ. ಎರಡೂ ಬದಿಗೆ ಭಾರದ ಫ್ಲೈವೀಲು, ವೇಗ ನಿಮಿಷಕ್ಕೆ 600 ಸುತ್ತು. ಬೆಲ್ಟ್ ಕಳಚಿದೆ. ಡೀಸೆಲ್ ನಿಲ್ಲಿಸಿ, ಡಿಕಂಪ್ರೆಶನ್ ಲಿವರ್ ಎತ್ತಿ ಹಿಡಿದಿದ್ದಾರೆ. ಆ ಲಿವರ್ ಮುಖ್ಯ. ಅದನ್ನು ಎತ್ತದಿದ್ದರೆ ಸಿಲಿಂಡರಿನ ಗಾಳಿ ಪ್ರತಿ ಸಲ ಒತ್ತಿಸಿಕೊಂಡು ಚಕ್ರವನ್ನು ತಡೆಯುತ್ತದೆ, ಮತ್ತೆ ಹಿಗ್ಗಿ ತಳ್ಳುತ್ತದೆ, ಕೊನೆಗೆ ಚಕ್ರ ಹಿಂದಕ್ಕೂ ಒಮ್ಮೆ ಓಲಾಡಿ ನಿಲ್ಲುತ್ತದೆ. ಅಂಥ ಚಲನೆಗೆ ತ್ರಿಕೋನದ ಲೆಕ್ಕ ಹೊಂದುವುದಿಲ್ಲ.

ಚಕ್ರ 80 ಸೆಕೆಂಡಿನಲ್ಲಿ ನಿಂತಿತು ಎನ್ನೋಣ. ನಿಮಿಷಕ್ಕೆ 600 ಎಂದರೆ ಸೆಕೆಂಡಿಗೆ 10. ಕೊನೆಯ ವೇಗ ಸೊನ್ನೆ, ನಡುವಿನದು 5. ಐದನ್ನು ಎಂಬತ್ತರಿಂದ ಗುಣಿಸಿದರೆ 400 ಸುತ್ತು, ಮುಗಿಯಿತು. ಕಾಲೇಜಿನ ದಾರಿಯಲ್ಲಿ ಹೋದರೆ ಮೊದಲ ಕೋನೀಯ ವೇಗ ω = 20π, ಅಂದರೆ ಸೆಕೆಂಡಿಗೆ 62.8 ರೇಡಿಯನ್. ಅದನ್ನು 80ರಿಂದ ಭಾಗಿಸಿದರೆ ವೇಗ ಇಳಿಯುವ ದರ α = 0.785. ಆಮೇಲೆ θ = ω²/2α = 2513 ರೇಡಿಯನ್. ತಪ್ಪುವುದು ಇಲ್ಲಿಯೇ. ಎಷ್ಟೋ ಉತ್ತರಪತ್ರಿಕೆಗಳಲ್ಲಿ ಈ 2513ನ್ನೇ ಸುತ್ತು ಎಂದು ಬರೆದುಬಿಡುತ್ತಾರೆ. ಒಂದು ಸುತ್ತಿಗೆ 2π ರೇಡಿಯನ್, ಹಾಗಾಗಿ ಭಾಗಿಸಿದ ಮೇಲೆ ಸಿಗುವುದು ಅದೇ 400. ತಪ್ಪು ಹಿಡಿಯುವುದು ಸುಲಭ: ವೇಗ ಸ್ವಲ್ಪವೂ ಇಳಿಯದಿದ್ದರೂ 80 ಸೆಕೆಂಡಿಗೆ 800 ಸುತ್ತಿಗಿಂತ ಹೆಚ್ಚು ಆಗುವಂತಿಲ್ಲ.

ಗೆಲಿಲಿಯೊ 1638ರ ಪುಸ್ತಕದಲ್ಲಿ ಬೀಳುವ ವಸ್ತುವಿನ ಬಗ್ಗೆ ಹೇಳಿದ ಮಾತು ಈ ಚಕ್ರದ ಪಕ್ಕದಲ್ಲಿ ನಿಂತವರಿಗೆ ಬಹಳ ಉಪಯೋಗದ್ದು. ಸಮಾನ ಅವಧಿಗಳಲ್ಲಿ ವಸ್ತು ಬೀಳುವ ದೂರಗಳು 1, 3, 5, 7ರ ಪ್ರಮಾಣದಲ್ಲಿರುತ್ತವೆ. ನಿಲ್ಲುತ್ತಿರುವ ಚಕ್ರಕ್ಕೆ ಅದನ್ನೇ ತಿರುವಿ ಹಾಕಿದರಾಯಿತು: 7, 5, 3, 1. ನಮ್ಮ ಎಂಜಿನ್ ಮೊದಲ 20 ಸೆಕೆಂಡಿನಲ್ಲಿ 175 ಸುತ್ತು ಹಾಕಬೇಕು, ಮುಂದಿನ 20ರಲ್ಲಿ 125, ಆಮೇಲೆ 75, ಕೊನೆಗೆ 25. ಫ್ಲೈವೀಲಿನ ಅಂಚಿಗೆ ಸೀಮೆಸುಣ್ಣದ ಒಂದು ಗುರುತು ಹಾಕಿ, ಮೊಬೈಲಿನಲ್ಲಿ ವಿಡಿಯೊ ಹಿಡಿದು ನಿಧಾನವಾಗಿ ಓಡಿಸಿ ಎಣಿಸಿದರೆ ವೇಗ ನಿಜಕ್ಕೂ ಒಂದೇ ಸಮನೆ ಇಳಿಯಿತೇ ಎಂಬುದು ಗೊತ್ತಾಗುತ್ತದೆ. ಮೊದಲ ಕಾಲುಭಾಗದ ಪಾಲು ಏಳಾಣೆಗಿಂತ, ಅಂದರೆ ಹದಿನಾರರಲ್ಲಿ ಏಳಕ್ಕಿಂತ ಹೆಚ್ಚಿದ್ದು ಒಟ್ಟು ಸುತ್ತು 400ಕ್ಕೆ ಮುಟ್ಟದಿದ್ದರೆ, ಗಾಳಿಯ ತಡೆ ಕೆಲಸ ಮಾಡಿದೆ ಎಂದು ಊಹಿಸಬಹುದು. ಬೇರಿಂಗಿನ ಒಣ ಉಜ್ಜಾಟ ವೇಗ ಎಷ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿ ಹಾಗಲ್ಲ, ವೇಗ ಹೆಚ್ಚಿದಷ್ಟೂ ಹೆಚ್ಚು ತಡೆಯುತ್ತದೆ. ಆದ್ದರಿಂದ ಚಕ್ರ ಶುರುವಿನಲ್ಲೇ ಬೇಗ ವೇಗ ಕಳೆದುಕೊಂಡು, ಉಳಿದ ಹೊತ್ತೆಲ್ಲ ತೆವಳುತ್ತದೆ.

ತಿರುಗುವ ವಸ್ತುಗಳಿಗೆ ಪೂರ್ತಿ ಗಣಿತ ಕಟ್ಟಿಕೊಟ್ಟವನು ಆಯ್ಲರ್, 1765ರ ಗ್ರಂಥದಲ್ಲಿ. ಚಕ್ರದ ಭಾರ ಎಷ್ಟು ಎಂಬುದಷ್ಟೇ ಅಲ್ಲ, ಆ ಭಾರ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಸೇರಿದ ಅಳತೆ, ಮೊಮೆಂಟ್ ಆಫ್ ಇನರ್ಷಿಯಾ, ಅಲ್ಲಿ ಗಟ್ಟಿಯಾಗಿ ನೆಲೆಗೊಂಡಿತು. ಅಷ್ಟರಲ್ಲಿ ಕಾರ್ಖಾನೆಯೂ ಬಂತು. 1780ರ ದಶಕದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದಿಂದ ಚಕ್ರ ತಿರುಗಿಸತೊಡಗಿದಾಗ, ಪಿಸ್ಟನ್ನಿನ ತಳ್ಳು ತಪ್ಪುವ ಕ್ಷಣಗಳನ್ನು ದಾಟಿಸಲು ಫ್ಲೈವೀಲು ಬೇಕೇ ಬೇಕಾಯಿತು.

ಈ ಲೆಕ್ಕದ ಅತ್ಯಂತ ಚೆಂದದ ರೂಪ ಮಾತ್ರ ನಮ್ಮ ಡಿಗ್ರಿ ಕಾಲೇಜುಗಳ ಭೌತಶಾಸ್ತ್ರ ಲ್ಯಾಬಿನ ಗೋಡೆಯ ಮೇಲಿದೆ ಎಂದು ನನ್ನ ಅನಿಸಿಕೆ. ಗೋಡೆಗೆ ಬಿಗಿದ ಫ್ಲೈವೀಲು, ಅದರ ಅಚ್ಚಿಗೆ ಸುತ್ತಿದ ದಾರ, ದಾರದ ತುದಿಗೆ ತೂಕ. ತೂಕ ಇಳಿಯುತ್ತ ಚಕ್ರವನ್ನು n ಸುತ್ತು ತಿರುಗಿಸಿ ಕಳಚಿ ಬೀಳುತ್ತದೆ. ಅಲ್ಲಿಂದ ಚಕ್ರ ನಿಲ್ಲುವವರೆಗೆ N ಸುತ್ತು, t ಸೆಕೆಂಡು. ಕಳಚಿದ ಕ್ಷಣದ ವೇಗವನ್ನು ಅಳೆಯುವ ಉಪಕರಣವೇನೂ ಇಲ್ಲ. ಸರಾಸರಿ ವೇಗ 2πN/t, ಅದರ ಎರಡರಷ್ಟು ಮೊದಲ ವೇಗ, ಹಾಗಾಗಿ ω = 4πN/t. ಹೇಟ್ಸ್‌ಬರಿಯ ಅರ್ಧವೇ ಇಲ್ಲಿ ತಲೆಕೆಳಗಾಗಿ ಎರಡಾಗಿ ಕುಳಿತಿದೆ.

ಇಲ್ಲಿ N ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಉಜ್ಜಾಟ ಒಂದೇ ಸಮನಿದ್ದರೆ ಪ್ರತಿ ಸುತ್ತೂ ಒಂದೇ ಅಳತೆಯ ಶಕ್ತಿ ತಿನ್ನುತ್ತದೆ. ಹಾಗಾಗಿ ಚಕ್ರದಲ್ಲಿದ್ದ ಶಕ್ತಿಯನ್ನು N ಪಾಲು ಮಾಡಿದರೆ ಒಂದು ಸುತ್ತಿನ ನಷ್ಟ ಸಿಗುತ್ತದೆ. ತೂಕ ಇಳಿಯುವಾಗ ಕಳೆದ n ಪಾಲನ್ನು ಅದರಿಂದಲೇ ಲೆಕ್ಕ ಹಾಕಬಹುದು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಗಿರಣಿಯ ಎಂಜಿನ್ 600ರ ಬದಲು 300ರಲ್ಲಿದ್ದಾಗ ಡೀಸೆಲ್ ನಿಲ್ಲಿಸಿದರೆ ಆಗುವುದು 200 ಸುತ್ತಲ್ಲ, 100. ಲ್ಯಾಬಿನಲ್ಲಿ ಕೈಕೊಡುವುದು ಹೆಚ್ಚಾಗಿ ಕಡೆಯ ಸುತ್ತು. ಚಕ್ರ ನಿಂತಿತೋ ಇಲ್ಲವೋ ಎಂದು ಕಣ್ಣು ಅನುಮಾನಿಸುವಷ್ಟರಲ್ಲಿ ಗಡಿಯಾರ ಎರಡು ಮೂರು ಸೆಕೆಂಡು ಓಡಿರುತ್ತದೆ. ಸುತ್ತಿನ ಎಣಿಕೆ ಕೆಡದಿದ್ದರೂ t ಕೆಡುತ್ತದೆ, ಅದರೊಂದಿಗೆ ω ಕೂಡ.

ಬಳ್ಳಾರಿ ಸೀಮೆಯಲ್ಲಿ ಈ ಪ್ರಶ್ನೆಯ ದೊಡ್ಡ ರೂಪ ಕುಡತಿನಿಯ ಉಷ್ಣವಿದ್ಯುತ್ ಸ್ಥಾವರದಲ್ಲಿದೆ. ಇಂಥ ಸ್ಥಾವರಗಳ ದೊಡ್ಡ ಟರ್ಬೈನುಗಳು ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತವೆ. ಉಗಿ ನಿಲ್ಲಿಸಿದ ಮೇಲೆ ರೋಟರ್ ಇಳಿಯುವ ಹೊತ್ತನ್ನು ಪ್ರತಿ ಸಲ ಬರೆದಿಡುವುದು ಅಲ್ಲಿನ ವಾಡಿಕೆ. ಇಲ್ಲಿ ತ್ರಿಕೋನದ ಲೆಕ್ಕ ನಡೆಯುವುದಿಲ್ಲ. ಮೇಲಿನ ವೇಗದಲ್ಲಿ ಬ್ಲೇಡುಗಳು ಕಡೆಯುವ ಉಗಿ ಮತ್ತು ಗಾಳಿಯೇ ದೊಡ್ಡ ತಡೆ, ಬೇರಿಂಗಿನ ಪಾಲು ಮೇಲಾಗುವುದು ವೇಗ ಸಾಕಷ್ಟು ಇಳಿದ ಮೇಲೆ. ಕಂಡೆನ್ಸರಿನಲ್ಲಿ ನಿರ್ವಾತ ಉಳಿಸಿಕೊಂಡರೆ ರೋಟರ್ ಹೆಚ್ಚು ಹೊತ್ತು ಸುತ್ತುತ್ತದೆ, ಮುರಿದರೆ ಬೇಗ ಇಳಿಯುತ್ತದೆ. ಆದ್ದರಿಂದ ಸೂತ್ರ ಹಾಕುವ ಬದಲು ಹಿಂದಿನ ಸಲದ ಗೆರೆಯ ಮೇಲೆ ಈ ಸಲದ ಗೆರೆಯನ್ನು ಇಟ್ಟು ನೋಡುತ್ತಾರೆ. ನಿರ್ವಾತ ಅಷ್ಟೇ ಇದ್ದೂ ಈ ಸಲ ಬೇಗ ಇಳಿದಿದ್ದರೆ ಎಲ್ಲೋ ಉಜ್ಜುತ್ತಿದೆ ಎಂದು ಅನುಮಾನ ಬರುತ್ತದೆ. ಇನ್ನು ಕಡೆಯ ಸುತ್ತನ್ನು ಎಣಿಸುವ ಅವಕಾಶವೂ ಅಲ್ಲಿಲ್ಲ: ಬಿಸಿ ರೋಟರ್ ನಿಂತಲ್ಲೇ ನಿಂತರೆ ಬಾಗುತ್ತದೆಂದು, ಅದು ತಣ್ಣಗಾಗುವವರೆಗೂ ಟರ್ನಿಂಗ್ ಗೇರ್ ಅದನ್ನು ಮೆಲ್ಲಗೆ ತಿರುಗಿಸುತ್ತಲೇ ಇರುತ್ತದೆ.